ಅಸಿಟಿಕ್ ಆಮ್ಲದ 390 ಸಿಕ್ಕಿದ್ದು ಉಪ್ಪಿನ ದಾರಿಯಲ್ಲಿ

ಅಸಿಟಿಕ್ ಆಮ್ಲದ ಸೀಮಿತ ಮೋಲಾರ್ ವಾಹಕತೆ, ಅಂದರೆ ದ್ರಾವಣ ತೀರಾ ತೆಳುವಾದಾಗ ಅದು ಮುಟ್ಟುವ ಬೆಲೆ, ಕಂಡುಹಿಡಿಯಲು ಮೊದಲು ನಾನು ನೇರ ದಾರಿಯನ್ನೇ ಹಿಡಿದೆ. ಅಸಿಟಿಕ್ ಆಮ್ಲದ ದ್ರಾವಣಗಳನ್ನು ಮಾಡಿಕೊಂಡು, 25 °C ನೀರಿನ ತೊಟ್ಟಿಯಲ್ಲಿಟ್ಟು ಮೋಲಾರ್ ವಾಹಕತೆ ಅಳೆದೆ. 0.01 M ನಲ್ಲಿ 16.2, 0.005 M ನಲ್ಲಿ 22.8, 0.001 M ನಲ್ಲಿ 48.6 ಬಂತು (ಎಲ್ಲವೂ S cm² mol⁻¹ ನಲ್ಲಿ). ಇದನ್ನು ಸಾರತೆಯ ವರ್ಗಮೂಲ √c ಎದುರು ಗುರುತಿಸಿ, ಗೆರೆ ಎಳೆದು, ಸಾರತೆ ಸೊನ್ನೆ ಆಗುವ ಕಡೆಗೆ ಮುಂದುವರಿಸಿದರೆ ಸೀಮಿತ ಮೋಲಾರ್ ವಾಹಕತೆ ಸಿಗಬೇಕು, ಅಲ್ವಾ?

ಮೊದಲ ಎರಡು ಬಿಂದುಗಳ ಗೆರೆ ಸುಮಾರು 39 ಎಂದಿತು. ಕೊನೆಯ ಎರಡರ ಗೆರೆ 70 ಎಂದಿತು. ನಿಜವಾದ ಬೆಲೆ 390ರ ಆಸುಪಾಸು! ತೆಳುವಾದಷ್ಟೂ ಹೆಚ್ಚು ಅಣುಗಳು ಒಡೆಯುತ್ತವೆ. ಹಾಗಾಗಿ ರೇಖೆ ಕೊನೆಯಲ್ಲಿ ಗೋಡೆ ಹತ್ತಿದಂತೆ ಮೇಲೇರುತ್ತದೆ. ಅದು ಎಲ್ಲಿ ನಿಲ್ಲುತ್ತದೆ ಎಂದು ನಾವು ಅಳೆಯಬಲ್ಲ ಜಾಗದಲ್ಲಿ ನಿಂತು ಹೇಳಲಾಗದು.

ಪ್ರಬಲ ಎಲೆಕ್ಟ್ರೊಲೈಟ್‌ಗಳಲ್ಲಿ ಈ ಕಷ್ಟ ಇಲ್ಲ. ಅವು ಮೊದಲೇ ಪೂರ್ತಿ ಅಯಾನುಗಳಾಗಿರುವುದರಿಂದ ಗೆರೆ ಹೆಚ್ಚುಕಮ್ಮಿ ನೇರ. ಅವುಗಳಿಂದ ಅಸಿಟಿಕ್ ಆಮ್ಲಕ್ಕೆ ದಾಟಿಸುವುದು ಜರ್ಮನ್ ಭೌತವಿಜ್ಞಾನಿ ಕೋಲ್ರಾಷ್ ಕಂಡ ಮಾತು: ದ್ರಾವಣ ತೀರಾ ತೆಳುವಾದಾಗ ಪ್ರತಿ ಅಯಾನು ತನ್ನ ಜೊತೆಗಾರ ಯಾರೆಂದು ನೋಡದೆ ತನ್ನ ಪಾಲು ಕೊಡುತ್ತದೆ. KCl ಸೀಮಿತ ಬೆಲೆ 149.9, NaCl ಬೆಲೆ 126.5, ವ್ಯತ್ಯಾಸ 23.4. ಕ್ಲೋರೈಡ್ ಬದಲು ನೈಟ್ರೇಟ್ ತೆಗೆದುಕೊಂಡರೂ K ಮತ್ತು Na ನಡುವಿನ ವ್ಯತ್ಯಾಸ ಅದೇ 23.4. ಹಾಗಾದರೆ ಸೀಮಿತ ಬೆಲೆಯನ್ನು Λ° ಎಂದು ಬರೆದು ಅಯಾನುಗಳನ್ನು ಕೂಡಿ ಕಳೆಯಬಹುದು:

Λ°(CH₃COOH) = Λ°(HCl) + Λ°(CH₃COONa) − Λ°(NaCl)

ಬೇಡದ Na⁺ ಮತ್ತು Cl⁻ ಹೊರಬೀಳುತ್ತವೆ, H⁺ ಮತ್ತು ಅಸಿಟೇಟ್ ಉಳಿಯುತ್ತವೆ.

ಕಾಗದದ ಮೇಲೆ ಇಷ್ಟೇ. ಬೆಂಚಿನ ಮೇಲೆ ಮಾತ್ರ ಎರಡು ಕಡೆ ಎಡವಿದೆ.

0.01 M KCl ಹಾಕಿ (25 °C ನಲ್ಲಿ 1.413 mS/cm) ಕೋಶ ಸ್ಥಿರಾಂಕ ತೆಗೆದುಕೊಂಡು NaCl ಶುರು ಮಾಡಿದೆ. 0.01 M ಇಂದ 0.001 M ತನಕ ಬಿಂದುಗಳು ಒಂದೇ ಸಾಲಿನಲ್ಲಿ ಕೂತ ಹಾಗೆ ಕಂಡವು. 0.0005 M ಬಂದಾಗ 128.1! ಸೀಮಿತ ಬೆಲೆಯನ್ನೇ ದಾಟಿತು. ಉಪಕರಣ ಕೆಟ್ಟಿದೆ ಅಂತ ಸುಮ್ನೆ ಅರ್ಧ ದಿನ ಕಳೆದೆ. ಕೆಟ್ಟಿದ್ದು ಅದಲ್ಲ, ನೀರು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡ ನನ್ನ ಬಟ್ಟಿ ನೀರೇ 1.8 µS/cm ತೋರಿಸುತ್ತಿತ್ತು. 0.001 M ನಲ್ಲಿ ಅದು ಮೋಲಾರ್ ವಾಹಕತೆಗೆ 1.8 ಸೇರಿಸುತ್ತದೆ, 0.0005 M ನಲ್ಲಿ 3.6. ತೆಳುವಾದ ತುದಿಯಲ್ಲಿ ಗೆರೆ ಮೇಲಕ್ಕೆ ಬಾಗಿದರೆ ಮೊದಲು ನೀರನ್ನೇ ಅನುಮಾನಿಸಬೇಕು. ಉಪ್ಪುಗಳಿಗೆ ನೀರಿನ ವಾಹಕತೆ ಕಳೆದೆ, 128.1 ಹೋಗಿ 124.5 ಆಯಿತು. HCl ಗೆ ಮಾತ್ರ ಕಳೆಯಲಿಲ್ಲ. ಅಲ್ಲಿ H⁺ ಜಾಸ್ತಿ ಇರುವುದರಿಂದ ಕರಗಿದ ಕಾರ್ಬಾನಿಕ್ ಆಮ್ಲ ಒಡೆಯುವುದೇ ಇಲ್ಲ ಎನ್ನಬಹುದು. ಕಳೆದರೆ ಇಲ್ಲದ್ದನ್ನು ಕಳೆದಂತೆ.

NaCl ಗೆ 126.2, ಸೋಡಿಯಂ ಅಸಿಟೇಟ್‌ಗೆ 90.4 ಬಂತು. HCl ಗೆ 412.3. ಕೂಡಿ ಕಳೆದರೆ 376.5.

ಸರಿಯೋ ತಪ್ಪೋ ನೋಡಲು ಅಸಿಟಿಕ್ ಆಮ್ಲ ಎಷ್ಟು ಒಡೆಯುತ್ತದೆ ಎಂದು ಹೇಳುವ ಸ್ಥಿರಾಂಕ Ka ಲೆಕ್ಕ ಹಾಕಿದೆ. α ಎಂದರೆ ಒಡೆದ ಅಣುಗಳ ಪಾಲು, ಅಳೆದ ಬೆಲೆಯನ್ನು ಸೀಮಿತ ಬೆಲೆಯಿಂದ ಭಾಗಿಸಿದ್ದು, Ka = cα²/(1−α). ಹಳೆಯ 70 ಹಾಕಿದರೆ 0.01 M ನಲ್ಲಿ 7.0×10⁻⁴, 0.001 M ನಲ್ಲಿ 1.6×10⁻³. ಸ್ಥಿರಾಂಕ ಎರಡು ಪಟ್ಟು ಓಡಾಡುವುದಾದರೆ 70 ತಪ್ಪು ಎಂದು ತಾನೇ ಗೊತ್ತಾಗುತ್ತದೆ. 376.5 ಹಾಕಿದರೆ 1.93×10⁻⁵ ಮತ್ತು 1.91×10⁻⁵. ಎಷ್ಟು ಚೆಂದ ಹೊಂದಿತು! ಖುಷಿಯಲ್ಲಿ ಪುಸ್ತಕ ಮುಚ್ಚಿದೆ.

ಆದರೆ HCl ಬೆಲೆ ಮನಸ್ಸಿಗೆ ಕೂರಲಿಲ್ಲ. ಕೋಷ್ಟಕದಲ್ಲಿ ಅದು 426. ಉಪ್ಪುಗಳನ್ನು ತೂಕ ಮಾಡಿದ್ದೆ, ಆಮ್ಲವನ್ನು ಮಾತ್ರ ಸೀಸೆಯ ಚೀಟಿ ನಂಬಿ ತೆಳುಗೊಳಿಸಿದ್ದೆ. ಒಣಗಿಸಿದ ಸೋಡಿಯಂ ಕಾರ್ಬೊನೇಟ್ ಎದುರು ಟೈಟ್ರೇಟ್ ಮಾಡಿದರೆ, 0.01 M ಅಂದುಕೊಂಡದ್ದು 0.0097 M. ಮೂರು ಬೆಲೆಗಳಲ್ಲಿ HCl ನದೇ ದೊಡ್ಡದು. ಅದರಲ್ಲಿ ಶೇಕಡಾ 3 ತಪ್ಪಿದರೆ ಉತ್ತರದಲ್ಲಿ ಸುಮಾರು 13 ಹೋಗುತ್ತದೆ.

ಸಾರತೆ ತಿದ್ದಿದ ಮೇಲೆ HCl 425.1 ಆಯಿತು.

425.1 + 90.4 − 126.2 = 389.3

ಒಪ್ಪಿತ ಬೆಲೆ 390.7. Ka ಈಗ 1.81×10⁻⁵ ಮತ್ತು 1.78×10⁻⁵. ತಮಾಷೆ ನೋಡಿ, ತಪ್ಪು ಬೆಲೆಯಲ್ಲಿ ಎರಡು Ka ಗಳು ಇದಕ್ಕಿಂತ ಹತ್ತಿರ ಹೊಂದಿದ್ದವು. α ಸಣ್ಣದಿರುವಾಗ ಸೀಮಿತ ಬೆಲೆಯಲ್ಲಿನ ಸಣ್ಣ ತಪ್ಪು ಎಲ್ಲ Ka ಗಳನ್ನೂ ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ತಳ್ಳುತ್ತದೆ, ಅವುಗಳ ನಡುವಿನ ಹೊಂದಾಣಿಕೆ ಕೆಡಿಸುವುದಿಲ್ಲ. ಈಗ ಆ ಪರೀಕ್ಷೆಯನ್ನು 70ರಂಥ ದೊಡ್ಡ ತಪ್ಪು ಹಿಡಿಯಲು ಮಾತ್ರ ಬಳಸುತ್ತೇನೆ. ಆಮ್ಲವನ್ನು ಮೊದಲೇ ಟೈಟ್ರೇಟ್ ಮಾಡಿಟ್ಟುಕೊಳ್ಳುತ್ತೇನೆ.