ಶ್ರೀಚಕ್ರದ ಒಂಬತ್ತು ತ್ರಿಕೋಣಗಳನ್ನು ಬರೆಯುವ ಕ್ರಮ

ಮಂಡಲಗಳಲ್ಲೆಲ್ಲ ಬರೆಯಲು ಕಠಿಣವಾದದ್ದು ಶ್ರೀಚಕ್ರ. ಹೊರಗಿನಿಂದ ಒಳಕ್ಕೆ ನೋಡಿದರೆ ಚೌಕಾಕಾರದ ಭೂಪುರ, ಹದಿನಾರು ದಳದ ಪದ್ಮ, ಎಂಟು ದಳದ ಪದ್ಮ, ಹದಿನಾಲ್ಕು ಕೋನಗಳ ಚತುರ್ದಶಾರ, ಹತ್ತು ಹತ್ತು ಕೋನಗಳ ಬಹಿರ್ದಶಾರ ಮತ್ತು ಅಂತರ್ದಶಾರ, ಎಂಟು ಕೋನಗಳ ಅಷ್ಟಾರ, ನಡುವಿನ ತ್ರಿಕೋಣ, ಕೊನೆಗೆ ಬಿಂದು, ಹೀಗೆ ಒಂಬತ್ತು ಆವರಣಗಳು ಕಾಣುತ್ತವೆ. ಇವುಗಳಲ್ಲಿ ಚತುರ್ದಶಾರದಿಂದ ನಡುವಿನ ತ್ರಿಕೋಣದವರೆಗಿನ ಐದು ಆವರಣಗಳನ್ನು ಯಾರೂ ಬೇರೆ ಬೇರೆಯಾಗಿ ಬರೆಯುವುದಿಲ್ಲ. ಮೇಲ್ಮುಖವಾದ ನಾಲ್ಕು ಶಿವ ತ್ರಿಕೋಣಗಳನ್ನೂ ಕೆಳಮುಖವಾದ ಐದು ಶಕ್ತಿ ತ್ರಿಕೋಣಗಳನ್ನೂ ಒಂದರ ಮೇಲೊಂದು ಹಾಯಿಸಿದಾಗ 43 ಸಣ್ಣ ತ್ರಿಕೋಣಗಳು ತಾವಾಗಿಯೇ ಮೂಡುತ್ತವೆ. ಆದ್ದರಿಂದ ಕೆಲಸವೆಲ್ಲ ಈ ಒಂಬತ್ತರಲ್ಲೇ ಇದೆ.

ದೊಡ್ಡ ಡ್ರಾಯಿಂಗ್ ಹಾಳೆಯ ನಡುವೆ 12 ಸೆಂ.ಮೀ. ತ್ರಿಜ್ಯದ ವೃತ್ತವನ್ನೂ ಅದರ ಲಂಬ ವ್ಯಾಸವನ್ನೂ ಎಳೆಯಿರಿ. ವ್ಯಾಸವನ್ನು 48 ಭಾಗ ಮಾಡುವುದು ಹಳೆಯ ಕ್ರಮ. ಈ ಅಳತೆಯಲ್ಲಿ ಒಂದು ಭಾಗಕ್ಕೆ ಸರಿಯಾಗಿ 5 ಮಿ.ಮೀ. ಬರುತ್ತದೆ. ವೃತ್ತದ ನೆತ್ತಿಯಿಂದ 6, 12, 17, 20, 23, 27, 30, 36, 42ನೆಯ ಭಾಗಗಳಲ್ಲಿ, ಅಂದರೆ 3, 6, 8.5, 10, 11.5, 13.5, 15, 18 ಮತ್ತು 21 ಸೆಂ.ಮೀ. ದೂರದಲ್ಲಿ, ಒಂಬತ್ತು ಅಡ್ಡಗೆರೆಗಳನ್ನು ಪೆನ್ಸಿಲಿನಿಂದ ತೆಳುವಾಗಿ ಎಳೆದು ಮೇಲಿನಿಂದ ಸಂಖ್ಯೆ ಹಾಕಿಕೊಳ್ಳಿ. ಒಂದರಿಂದ ಐದನೆಯವರೆಗಿನ ಗೆರೆಗಳು ಶಕ್ತಿ ತ್ರಿಕೋಣಗಳ ಪಾದಗಳು, ಉಳಿದ ನಾಲ್ಕು ಶಿವ ತ್ರಿಕೋಣಗಳ ಪಾದಗಳು.

ಮೂರನೆಯ ಮತ್ತು ಏಳನೆಯ ಗೆರೆಗಳು ಮಾತ್ರ ವೃತ್ತವನ್ನು ಮುಟ್ಟುತ್ತವೆ. ಮೂರನೆಯದರ ಎರಡು ತುದಿಗಳನ್ನು ವೃತ್ತದ ತಳಬಿಂದುವಿಗೂ ಏಳನೆಯದರ ತುದಿಗಳನ್ನು ನೆತ್ತಿಗೂ ಸೇರಿಸಿದರೆ ಎರಡು ದೊಡ್ಡ ತ್ರಿಕೋಣಗಳು ಸಿದ್ಧವಾಗುತ್ತವೆ.

ಉಳಿದ ಗೆರೆಗಳನ್ನು ಎರಡೂ ತುದಿಗಳಲ್ಲಿ ಇಷ್ಟಿಷ್ಟು ಅಳಿಸಬೇಕೆಂದು ಅಂಕಿಗಳನ್ನು ಕೊಡುವ ಪದ್ಧತಿಯೂ ಇದೆ. ನಾನು ಮೊದಲ ಸಲ ಹಾಗೆಯೇ ಮಾಡಿ, ಕೂಡಬೇಕಾದ ಗೆರೆಗಳೆಲ್ಲ ಕೂಡದೆ ಹಾಳೆಯನ್ನೇ ಎಸೆದಿದ್ದೆ. ಗೆರೆಗಳು ಕೂಡುವ ಸ್ಥಳಗಳಿಂದಲೇ ತುದಿಗಳನ್ನು ಕಂಡುಕೊಳ್ಳುವುದು ಹೆಚ್ಚು ಭದ್ರವಾದ ದಾರಿ. ನೆತ್ತಿಗೆ ಹೋದ ತ್ರಿಕೋಣದ ಬಾಹು ಮೂರನೆಯ ಗೆರೆಯನ್ನು ದಾಟುವಲ್ಲಿ ಒಂದು ಚುಕ್ಕೆ ಇಡಿ. ಒಂಬತ್ತನೆಯ ಗೆರೆಯ ಮಧ್ಯಬಿಂದುವಿನಿಂದ ಹೊರಟು ಆ ಚುಕ್ಕೆಯ ಮೂಲಕ ಎಳೆದ ರೇಖೆ ಎರಡನೆಯ ಗೆರೆಯನ್ನು ಮುಟ್ಟಿದಲ್ಲಿ ಎರಡನೆಯದರ ತುದಿ ಸಿಗುತ್ತದೆ. ಅದು ವೃತ್ತದಿಂದ ಸುಮಾರು ಎರಡೂವರೆ ಸೆಂ.ಮೀ. ಒಳಗಿರಬೇಕು. ಇದೇ ರೀತಿಯಲ್ಲಿ, ಅದೇ ಬಾಹು ಎರಡನೆಯ ಗೆರೆಯನ್ನು ದಾಟುವ ಬಿಂದುವಿನ ಮೂಲಕ ಆರನೆಯದರ ಮಧ್ಯದಿಂದ ಎಳೆದ ರೇಖೆ ಒಂದನೆಯ ಗೆರೆಯ ತುದಿಯನ್ನು ಕೊಡುತ್ತದೆ. ಕೆಳಭಾಗದಲ್ಲಿ ತಳಕ್ಕೆ ಇಳಿದ ತ್ರಿಕೋಣದ ಬಾಹುವನ್ನು ಹಿಡಿಯಿರಿ: ಅದು ಏಳನೆಯ ಗೆರೆಯನ್ನು ದಾಟುವ ಬಿಂದುವಿನ ಮೂಲಕ ಒಂದನೆಯದರ ಮಧ್ಯದಿಂದ ಎಂಟನೆಯದಕ್ಕೂ, ಎಂಟನೆಯ ಗೆರೆಯನ್ನು ದಾಟುವ ಬಿಂದುವಿನ ಮೂಲಕ ಮೂರನೆಯದರ ಮಧ್ಯದಿಂದ ಒಂಬತ್ತನೆಯದಕ್ಕೂ ರೇಖೆಗಳನ್ನು ಇಳಿಸಿ. ಎಡಬಲ ಎರಡೂ ಕಡೆ ಹೀಗೆ ಮಾಡಿದರೆ ಇನ್ನೂ ನಾಲ್ಕು ತ್ರಿಕೋಣಗಳು ಮುಗಿದವು.

ಇನ್ನುಳಿದವು ಮೂರು. ಆರನೆಯ ಗೆರೆಯನ್ನು ಎರಡನೆಯ ತ್ರಿಕೋಣದ ಬಾಹುಗಳವರೆಗೆ ಮಾತ್ರ ಉಳಿಸಿ, ಅದರ ತುದಿಗಳನ್ನು ಎರಡನೆಯ ಗೆರೆಯ ಮಧ್ಯಕ್ಕೆ ಸೇರಿಸಿ. ನಾಲ್ಕನೆಯದು ಎಂಟನೆಯ ತ್ರಿಕೋಣದ ಬಾಹುಗಳಲ್ಲಿ ನಿಲ್ಲುತ್ತದೆ, ಅದರ ಶೃಂಗ ಎಂಟನೆಯ ಗೆರೆಯ ಮಧ್ಯದಲ್ಲಿದೆ. ಐದನೆಯದು ಆರನೆಯ ತ್ರಿಕೋಣದ ಬಾಹುಗಳಲ್ಲಿ ನಿಂತು, ಏಳನೆಯದರ ಮಧ್ಯಕ್ಕೆ ಇಳಿಯುತ್ತದೆ.

ಎರಡು ರೇಖೆಗಳು ಕೂಡಿದರೆ ಸಂಧಿ, ಮೂರು ಕೂಡಿದರೆ ಮರ್ಮ. ಪರೀಕ್ಷೆ ನಡೆಯುವುದು ಮರ್ಮಗಳಲ್ಲಿ. ಐದನೆಯ ಗೆರೆಯ ಮೇಲೆ ಒಂದನೆಯ ಮತ್ತು ಒಂಬತ್ತನೆಯ ತ್ರಿಕೋಣಗಳ ಬಾಹುಗಳು ಒಂದೇ ಬಿಂದುವಿನಲ್ಲಿ ದಾಟಬೇಕು. ಆರನೆಯದರ ಮೇಲೆ ನಾಲ್ಕನೆಯ ಮತ್ತು ಒಂಬತ್ತನೆಯವುಗಳ ಬಾಹುಗಳು ಹಾಗೆಯೇ ಕೂಡಬೇಕು. ಎಷ್ಟು ಜಾಗ್ರತೆಯಿಂದ ಬರೆದರೂ ಇಲ್ಲಿ ಸುಮಾರು ಒಂದೂವರೆ ಮಿ.ಮೀ. ಅಂತರ ಉಳಿಯುತ್ತದೆ. ಅದು ಕೈಯ ತಪ್ಪಲ್ಲ, ಪೂರ್ಣಸಂಖ್ಯೆಗಳಲ್ಲಿ ಭಾಗ ಹಂಚಿದ ಕ್ರಮದ್ದೇ ಮಿತಿ. ಮಸಿಯ ಗೆರೆಯನ್ನು ತುಸು ದಪ್ಪ ಮಾಡಿದರೆ ಬಹುಪಾಲು ಮರೆಯಾಗುತ್ತದೆ. ಅಂತರ ಮೂರು ಮಿ.ಮೀ. ದಾಟಿದ್ದರೆ ಮಾತ್ರ ಯಾವುದೋ ಅಡ್ಡಗೆರೆ ಓರೆಯಾಗಿದೆ ಎಂದರ್ಥ, ಅದನ್ನು ಮೂಲೆಮಟ್ಟ ಇಟ್ಟು ನೋಡಿ. ಎಡಬಲಗಳಲ್ಲಿ ಒಂದೇ ಕಡೆ ಅಂತರ ಕಂಡರೂ ಕಾರಣ ಅದೇ.

ಮಸಿ ಹಾಕುವ ಮುನ್ನ ಎಣಿಸಿಬಿಡಿ: ಹೊರಗಿನಿಂದ 14, 10, 10, 8 ಮತ್ತು 1. ಆವರಣಕ್ಕೊಂದರಂತೆ ಬಣ್ಣದ ಪೆನ್ಸಿಲಿನಲ್ಲಿ ತೆಳುವಾಗಿ ತುಂಬುತ್ತ ಹೋದರೆ ಎಣಿಕೆ ತಪ್ಪುವುದಿಲ್ಲ. ವೃತ್ತದ ಕೇಂದ್ರವು ಐದನೆಯ ಗೆರೆಗಿಂತ 5 ಮಿ.ಮೀ. ಕೆಳಗೆ, ನಡುವಿನ ತ್ರಿಕೋಣದ ಒಳಗೇ ಬೀಳುತ್ತದೆ. ಬಿಂದುವನ್ನು ಅಲ್ಲಿಯೇ ಇಡಿ.

ಹೊರಗಿನ ಕೆಲಸ ಕೈವಾರಕ್ಕೆ ಸುಲಭ. 15 ಮತ್ತು 18 ಸೆಂ.ಮೀ. ತ್ರಿಜ್ಯದ ವೃತ್ತಗಳನ್ನೆಳೆದು, ಒಳಪಟ್ಟಿಯನ್ನು 45 ಡಿಗ್ರಿಯಂತೆ ಎಂಟಾಗಿ, ಹೊರಪಟ್ಟಿಯನ್ನು ಇಪ್ಪತ್ತೆರಡೂವರೆ ಡಿಗ್ರಿಯಂತೆ ಹದಿನಾರಾಗಿ ಭಾಗ ಮಾಡಿ ದಳಗಳನ್ನು ಬರೆಯಿರಿ. ಒಂದು ದಳದ ತುದಿ ಲಂಬ ವ್ಯಾಸದ ನೇರಕ್ಕೇ ಬರಲಿ. ಅದರಾಚೆ ಮೂರು ವೃತ್ತಗಳು, ಆಮೇಲೆ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಮೂರು ಗೆರೆಗಳ ಭೂಪುರ. ಬಾಗಿಲುಗಳ ಮಧ್ಯವೂ ವ್ಯಾಸಗಳ ನೇರದಲ್ಲಿಯೇ ಇರಬೇಕು.