ಯಾವ c ಹಾಕಿದರೂ ಸಿಗದ ಪರವಲಯದ ಮೇಲೆ ಆಯ್ಲರ್ ವಿಧಾನ ನಡೆಸಿದೆ: ನನ್ನ ಅನುಭವ

ಎನ್ವಲಪ್ ಮೇಲೆ ನ್ಯೂಮರಿಕಲ್ ಸಾಲ್ವರ್ ನಿಲ್ಲೋದೇ ಇಲ್ಲ, ಅಲ್ಲಿ ಉತ್ತರ ಒಂದೇ ಅಂತ ಖಾತ್ರಿ ಕೊಡೋ ಲಿಪ್ಶಿಟ್ಜ್ ಷರತ್ತೇ ಮುರಿದು ಬೀಳುತ್ತೆ ಅಂತ ಗೊತ್ತಿದ್ದವರೆಲ್ಲ ಹೇಳಿದ್ದರು. ಅದರಲ್ಲೂ ಆಯ್ಲರ್ ವಿಧಾನ ಅಂದಾಗ ಇಬ್ಬರು ನಕ್ಕೇಬಿಟ್ಟರು. ಈಗ ನಿಂತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ತಗೊಂಡಿದ್ದು ಕ್ಲೇರೋ 1734ರಲ್ಲಿ ಬರೆದ ಜಾತಿಯ ಸಮೀಕರಣ, y = xp − p². ಇಲ್ಲಿ p ಅಂದರೆ y'. ಒಮ್ಮೆ ಡಿಫರೆನ್ಷಿಯೇಟ್ ಮಾಡಿದರೆ p'(x − 2p) = 0 ಬರುತ್ತೆ. ಮೊದಲ ಅಂಶದಿಂದ y = cx − c² ಅನ್ನೋ ಸರಳರೇಖೆಗಳು, ಎರಡನೆಯದರಿಂದ ಆ ರೇಖೆಗಳನ್ನೆಲ್ಲ ಮುಟ್ಟಿಕೊಂಡು ಹೋಗೋ ಪರವಲಯ y = x²/4, ಎನ್ವಲಪ್ ಅಂದರೆ ಇದೇ. ಎಷ್ಟೋ ಜನ p' ಭಾಗಿಸಿ ಹಾಕ್ತಾರೆ, ಇಲ್ಲಾ ಎರಡನೇ ಅಂಶವನ್ನ ಮರೆತೇಬಿಡ್ತಾರೆ.

ದುಡ್ಡು ಕೊಟ್ಟು ಒಂದು ವರ್ಷದ ಲೈಸೆನ್ಸ್ ತಗೊಂಡಿದ್ದ ಸಾಫ್ಟ್‌ವೇರ್ ಕೂಡ ನನಗೆ ಬರೀ ರೇಖೆಗಳನ್ನೇ ಕೊಟ್ಟಿತು. ಅಷ್ಟೂ ನೀರಲ್ಲಿ ಹೋಮ. ಸರಿ, ಪರವಲಯಕ್ಕೆ ಹೊಂದೋ ಒಳ್ಳೆಯ c ಹುಡುಕೋಣ ಅಂತ ಒಬ್ಬರು ಹಟ ಹಿಡಿದರು. ರೇಖೆಗೂ ಪರವಲಯಕ್ಕೂ ಇರೋ ಅಂತರ (x − 2c)²/4. x ಅನ್ನು 2ರಿಂದ 6ರವರೆಗೆ ತಗೊಂಡರೆ ಇರೋದರಲ್ಲಿ ಒಳ್ಳೆಯದು c = 2, ಆದರೂ ಎರಡೂ ತುದಿಯಲ್ಲಿ ಪೂರ್ತಿ 1ರಷ್ಟು ತಪ್ಪುತ್ತೆ. ಪ್ರತಿ ಬಿಂದುವಿಗೂ c = x/2 ಬೇಕು. ಅದು x ಜೊತೆ ಓಡ್ತಾ ಇರುತ್ತೆ, ಇನ್ನೆಲ್ಲಿಯ ಸ್ಥಿರಾಂಕ?

ಆಮೇಲೆ ಸಾಲ್ವರ್ ಹಿಡಿದೆ. p ಬಿಡಿಸಿದರೆ p = (x ± √D)/2, ಇಲ್ಲಿ D = x² − 4y. ಪರವಲಯದ ಮೇಲೆ D ಸೊನ್ನೆ. (2, 1)ರಿಂದ ಸ್ಟೆಪ್ h ಇಟ್ಟು, ಒಂದೊಂದು ಸ್ಟೆಪ್ಪಿಗೂ ನಾಲ್ಕು ಹಂತ ಲೆಕ್ಕ ಹಾಕೋ RK4 ಬಿಟ್ಟೆ. ಪ್ಲಸ್ ಶಾಖೆಯಲ್ಲಿ ಮೂರನೇ ಹಂತಕ್ಕೇ D = −3h²/4, ಅಂದರೆ ಋಣ ಸಂಖ್ಯೆಯ ವರ್ಗಮೂಲ, ಪರದೆ ತುಂಬ NaN. ಸ್ಟೆಪ್ ತಾನೇ ಬದಲಿಸಿಕೊಳ್ಳೋ ಸಾಲ್ವರ್ ಇನ್ನೂ ಕೆಟ್ಟದ್ದು, ಸ್ಟೆಪ್ ಕುಗ್ಗಿಸಿ ಕುಗ್ಗಿಸಿ ಅಲ್ಲೇ ಕೂತಿತು. ಬಾಡಿಗೆ ಮಷೀನಿನ ಮೀಟರ್ ಮಾತ್ರ ಓಡ್ತಾ ಇತ್ತು.

ದಾರಿ ತೋರಿಸಿದ್ದು y ಅಲ್ಲ, D. ಬಲಕ್ಕೆ ಹೋಗುವಾಗ ಪ್ಲಸ್ ಶಾಖೆಯಲ್ಲಿ D' = −2√D. ಅಂದರೆ ರೇಖೆಯ ಮೇಲೆ ಬರೋ ಉತ್ತರ ತಾನಾಗೇ ಪರವಲಯದ ಹತ್ರ ಬಂದು ಮುಟ್ಟುತ್ತೆ, ಮುಟ್ಟಿದ ಮೇಲೆ ಬಿಟ್ಟು ಹೋಗೋಕೆ ದಾರಿಯೇ ಇಲ್ಲ. ಮೈನಸ್ ಶಾಖೆಯಲ್ಲಿ ಚಿಹ್ನೆ ತಿರುಗಿ, ಎಲ್ಲಿ ಬೇಕಾದರೂ ಕಳಚಿಕೊಂಡು ಒಂದು ರೇಖೆ ಹಿಡಿದು ಹೊರಟುಹೋಗಬಹುದು. ಎಲ್ಲರೂ ಕಂಡಿದ್ದು ಈ ಎರಡನೆಯದನ್ನ, ನನ್ನ ಪ್ರಕಾರ ಅನುಮಾನ ಹುಟ್ಟಿದ್ದೂ ಅಲ್ಲೇ.

ಆಯ್ಲರ್ ಯಾಕೆ ಗೆದ್ದಿತು ಅಂತ ಕಾಗದದ ಮೇಲೆ ಬಿಡಿಸಿ ನೋಡಿ, ಖುಷಿಯಾಗುತ್ತೆ. ಒಂದು ಸ್ಟೆಪ್ ಆದ ಮೇಲೆ ಹೊಸ D ಸರಿಯಾಗಿ (√D − h)². ಪೂರ್ಣ ವರ್ಗ! ಲೆಕ್ಕದ ಪ್ರಕಾರ ಋಣ ಆಗೋದೇ ಇಲ್ಲ. √D ಪ್ರತಿ ಸಲ h ಇಳಿದು, ಕೊನೆಗೆ 0 ಮತ್ತು hನ ನಡುವೆ ಪುಟಿಯುತ್ತಾ ಉಳಿಯುತ್ತೆ. ಹಾಗಾಗಿ ಉತ್ತರ ಪರವಲಯಕ್ಕಿಂತ ಕೆಳಗಿರೋದು ಹೆಚ್ಚೆಂದರೆ h²/4, ಅದೂ ದಾರಿಯುದ್ದಕ್ಕೂ ಅಷ್ಟೇ, ಕೂಡಿಕೊಂಡು ಬೆಳೆಯೋದಿಲ್ಲ. ದಶಮಾಂಶದ ಕೊನೆಯ ಅಂಕಿ ಕೈಕೊಟ್ಟು D ಚೂರು ಋಣಕ್ಕೆ ಜಾರೋದುಂಟು, ಅದಕ್ಕೆ max ಸಾಕು:

```
D = x*x - 4*y
p = (x + sqrt(max(D, 0))) / 2
y = y + h*p
x = x + h
```

(0, −1)ರಿಂದ h = 0.1 ಇಟ್ಟು ಓಡಿಸಿ. x = 2ರವರೆಗೆ y = x − 1 ರೇಖೆ, ಅಲ್ಲಿಂದ ಆಚೆ ಪರವಲಯ. x = 6ರಲ್ಲಿ ರೇಖೆಯಲ್ಲೇ ಉಳಿದಿದ್ದರೆ 5 ಬರಬೇಕಿತ್ತು, ನನಗೆ ಬಂದಿದ್ದು ಹೆಚ್ಚುಕಮ್ಮಿ 9. ನಕ್ಕವರಿಗೆ ಗ್ರಾಫ್ ಕಳಿಸಿದೆ, ಉತ್ತರ ಇನ್ನೂ ಬಂದಿಲ್ಲ. ಎಡಕ್ಕೆ ಹೋಗೋದಾದರೆ ಮೈನಸ್ ಶಾಖೆ ಹಿಡಿಯಿರಿ, ಇಲ್ಲದಿದ್ದರೆ ಮೊದಲ ಸ್ಟೆಪ್ಪಿಗೇ ರೇಖೆಗೆ ಹಾರುತ್ತೆ.

ಸುಮ್ನೆ ಕುತೂಹಲಕ್ಕೆ p² = x ಕೂಡ ಹಾಕಿ ನೋಡಿದೆ. ಇಲ್ಲೂ ಎರಡು ಶಾಖೆಗಳು x = 0ಯಲ್ಲಿ ಸೇರುತ್ತವೆ, ಎನ್ವಲಪ್ ಸಿಕ್ಕಿತು ಅನ್ನಿಸುತ್ತೆ. ಆದರೆ ಅದು ವಕ್ರರೇಖೆಗಳ ಮೊನೆಗಳು ಸಾಲಾಗಿ ನಿಂತ ಜಾಗ, ಅಷ್ಟೇ. ಸಮೀಕರಣ ಅಲ್ಲಿ ಇಳಿಜಾರು ಸೊನ್ನೆ ಅನ್ನುತ್ತೆ, x = 0 ರೇಖೆ ನೋಡಿದರೆ ನೆಟ್ಟಗೆ ನಿಂತಿದೆ. D = 0 ಸಿಕ್ಕ ತಕ್ಷಣ ಕುಣಿಯದೆ, ಮೂಲ ಸಮೀಕರಣಕ್ಕೆ ಹಾಕಿ ನೋಡಲೇಬೇಕು.

p²ರ ಬದಲು ಬೇರೆ ಫಂಕ್ಷನ್ ಇದ್ದರೆ ಈ ಪೂರ್ಣ ವರ್ಗದ ಅದೃಷ್ಟ ಇರೋದಿಲ್ಲ, ಶಾಖೆಗಳನ್ನೂ ಇಷ್ಟು ಸಲೀಸಾಗಿ ಬೇರೆ ಮಾಡೋಕಾಗಲ್ಲ. ಅದಕ್ಕೂ ಒಂದು ಉಪಾಯ ಮಾಡಿಟ್ಟಿದ್ದೇನೆ, ಸದ್ಯಕ್ಕೆ ನನ್ನ ಹತ್ರನೇ ಇರಲಿ.