ಮಗು ಹುಟ್ಟಿದ ಮನೆಗೆ ನಾಲ್ಕು ಸಾಲು ಬರೆಯೋದು ಹೇಗೆ

ಸ್ನೇಹಿತರಿಗೆ ಮೊದಲ ಮಗು ಹುಟ್ಟಿದೆ ಅಂದ ತಕ್ಷಣ ಈಗಿನ ಹುಡುಗರು ಗ್ರೂಪಿನಲ್ಲಿ ಒಂದು ಬಲೂನಿನ ಚಿತ್ರ ಹಾಕಿ ಕೈ ತೊಳ್ಕೊಂಡುಬಿಡ್ತಾರೆ. ಇಲ್ಲ ಅಂದ್ರೆ ಪ್ರಶ್ನೆಗಳ ಮಳೆ. ನಾರ್ಮಲ್ಲಾ, ಆಪರೇಶನ್ನಾ? ತೂಕ ಎಷ್ಟು? ಯಾರ ಹಾಗಿದೆ? ಫೋಟೋ ಹಾಕು. ಎರಡನ್ನೂ ನೋಡಿ ನೋಡಿ ನನಗೆ ಸಾಕಾಗಿದೆ.

ಹೋದ ಚಳಿಗಾಲದಲ್ಲಿ ಚಿಂತಾಮಣಿಯ ನಮ್ಮ ಬೀದಿಯ ಹುಡುಗನೊಬ್ಬ ತನ್ನ ಸ್ನೇಹಿತ ಮಂಜುಗೆ ಬರೆದದ್ದನ್ನು ತಂದು ತೋರಿಸಿದ. "ಕಂಗ್ರಾಟ್ಸ್ ಮಗಾ! ಹೆಣ್ಣಾದರೇನು, ಗಂಡಾದರೇನು. ಹಾಲು ಸರಿಯಾಗಿ ಬರ್ತಿದೆಯಾ? ಏನಾದರೂ ಬೇಕಿದ್ದರೆ ಹೇಳು." ಅಯ್ಯೋ ನಿನ್ನ, ಅಂದೆ. ಹೆತ್ತವಳು ಸವಿತಾ, ಅವಳ ಹೆಸರೇ ಇಲ್ಲ! "ಹೆಣ್ಣಾದರೇನು" ಅನ್ನೋದು ಸಮಾಧಾನದ ಮಾತು. ಸಂತೋಷವಾಗಿರೋರಿಗೆ ಸಮಾಧಾನ ಯಾಕೆ? ಇನ್ನು ಹಾಲಿನ ವಿಷಯ. ಮೊದಲ ಎರಡು ಮೂರು ದಿನ ಬರೋದೇ ಸ್ವಲ್ಪ, ದಪ್ಪಗೆ ಹಳದಿಯಾಗಿ. ಮಗುವಿಗೆ ಅಷ್ಟೇ ಸಾಕು. ಎದೆ ತುಂಬೋದು ಸಾಮಾನ್ಯವಾಗಿ ಮೂರು ನಾಲ್ಕು ದಿನ ಆದಮೇಲೆ. ಅಷ್ಟರೊಳಗೆ ಹತ್ತು ಜನ ಕೇಳಿದರೆ ಅವಳಿಗೆ ತನ್ನಲ್ಲೇ ಏನೋ ಕೊರತೆ ಇದೆ ಅನ್ನಿಸಿಬಿಡುತ್ತೆ. ಆ ದಿನಗಳಲ್ಲಿ ಬಾಣಂತಿಗೆ ಸುಮ್‌ಸುಮ್ನೆ ಅಳು ಬರೋದೂ ಉಂಟು.

ಸುದ್ದಿ ಬಂದ ದಿನ ಒಂದೇ ಸಾಲು ಸಾಕು: ತುಂಬಾ ಸಂತೋಷ ಆಯ್ತು, ನಿಧಾನಕ್ಕೆ ಬರೀತೀನಿ. ನಿಜವಾದ ಪತ್ರ ಒಂದು ವಾರ ಕಳೆದ ಮೇಲೆ, ಅವರು ಆಸ್ಪತ್ರೆಯಿಂದ ಮನೆಗೆ ಬಂದು, ಬೇರೆಯವರ ಗದ್ದಲ ಇಳಿದ ಮೇಲೆ. ಇಬ್ಬರ ಹೆಸರೂ ಇರಲಿ, ಅವಳದು ಮೊದಲು. ಉದ್ದ ಬೇಡ. ರಾತ್ರಿ ಎರಡು ಮೂರು ಗಂಟೆಗೊಮ್ಮೆ ಎದ್ದು ಹಾಲು ಕುಡಿಸೋಳು ಒಂದು ಕೈಯಲ್ಲಿ ಫೋನ್ ಹಿಡಿದು ಓದಿ ಮುಗಿಸುವಷ್ಟಿದ್ದರೆ ಸರಿ.

ನಾನು ಯಾರಿಗೂ ಬಿಟ್ಟುಕೊಡದೆ ಹಟ ಹಿಡಿಯೋದು ಕೊನೆಯ ಸಾಲಿಗೆ. "ಏನಾದರೂ ಬೇಕಿದ್ದರೆ ಹೇಳಿ" ಅಂತ ಬರೀಲೇಬೇಡಿ. ಏನು ಬೇಕು ಅಂತ ಅವರೇ ಯೋಚಿಸಬೇಕು, ಅವರೇ ಬಾಯಿಬಿಟ್ಟು ಕೇಳಬೇಕು. ಯಾರು ಕೇಳ್ತಾರೆ? ಒಂದೇ ಒಂದು ವಸ್ತು, ಒಂದು ದಿನ, ಒಂದು ಹೊತ್ತು ಹೇಳಿ. ಬೇಡ ಅನ್ನೋಕೆ ಸುಲಭದ ದಾರಿ ಬಿಡಿ. ಒಳಗೆ ಬರಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಬಂದರೆ ಅವಳು ತಲೆ ಬಾಚ್ಕೋಬೇಕು, ಅವಳಮ್ಮ ಕಾಫಿ ಇಡಬೇಕು, ಆಗ ತಾನೇ ಮಲಗಿದ ಮಗುವನ್ನು ಎತ್ತಿ ತೋರಿಸಬೇಕು. ವಸ್ತುವನ್ನೂ ಯೋಚಿಸಿ ಆರಿಸಿ. ಬಾಣಂತಿ ಊಟಕ್ಕೆ ಕೈ ಹಾಕಬೇಡಿ. ಒಂದು ಮನೇಲಿ ಬೆಳ್ಳುಳ್ಳಿ ಜಾಸ್ತಿ, ಇನ್ನೊಂದು ಮನೇಲಿ ಬರೀ ಮೆಣಸಿನ ಸಾರು, ಅವರವರ ಪಥ್ಯ ಅವರಿಗೆ. ಹಸಿದಿರೋರು ಉಳಿದವರು. ನಾನು ಹೆತ್ತಾಗ ನಮ್ಮಮ್ಮ ನನಗೆ ಬಿಸಿಬಿಸಿ ಬಡಿಸಿ, ತಾವು ನಿಂತುಕೊಂಡೇ ತಂಗಳನ್ನ ತಿಂತಿದ್ದರು. ಯಾರೂ ಅವರನ್ನು ಕೇಳಲಿಲ್ಲ.

ಆ ಹುಡುಗನ ಕೈಲಿ ಬರೆಸಿದ್ದು ಇಷ್ಟು:

"ಸವಿತಾ, ಮಂಜು, ನಿಮ್ಮ ಮಗಳು ಬಂದದ್ದು ಕೇಳಿ ಮನೇಲಿ ಎಲ್ಲರಿಗೂ ಖುಷಿ. ಸವಿತಾ, ನೀನು ಚೆನ್ನಾಗಿ ರೆಸ್ಟ್ ತಗೋ. ಗುರುವಾರ ಸಂಜೆ ಆರಕ್ಕೆ ಅಮ್ಮನಿಗೂ ಮಂಜುಗೂ ಮುದ್ದೆ, ಅವರೆಕಾಳು ಸಾರು ತಂದು ಬಾಗಿಲಲ್ಲಿ ಇಟ್ಟು ಹೋಗ್ತೀನಿ, ಒಳಗೆ ಬರಲ್ಲ. ಬೇಡ ಅಂದ್ರೆ 'ಬೇಡ' ಅಂತ ಹಾಕಿ, ಬೇಜಾರಿಲ್ಲ. ಇದಕ್ಕೆ ಉತ್ತರ ಬರೀಬೇಡಿ. ಮಗೂನ ನೋಡೋಕೆ ನೀವು ಕರೆದಾಗ ಬರ್ತೀನಿ."

ಡಬ್ಬಿ ವಾಪಸ್ ಬೇಕು ಅನ್ನಿಸೋಂಥದ್ದು ಕೊಡಬೇಡಿ. ನಮ್ಮ ಕಡೆ ಡಬ್ಬಿ ಖಾಲಿ ಹಿಂತಿರುಗಿಸೋ ಪದ್ಧತಿ ಇಲ್ಲ, ಅದಕ್ಕೆ ಸಕ್ಕರೆ ಹುಡುಕೋ ಕೆಲಸ ಅವರಿಗೆ ಬೇರೆ.

ಜೊತೆಗೆ ಮಗುವಿಗೆ ಬಟ್ಟೆ ಕೊಡೋರು ಅಂಗಡಿಯಿಂದ ತಂದ ಹಾಗೇ ಕೊಡ್ತಾರಲ್ಲ, ಅದು ಇನ್ನೊಂದು ಸಿಟ್ಟು. ಹೊಸ ಹತ್ತಿ ಬಟ್ಟೇಲಿ ಗಂಜಿ ಇರುತ್ತೆ, ಬಣ್ಣ ಬಿಡುತ್ತೆ. ಎರಡು ಸಲ ಒಗೆದು, ಸೋಪು ಪೂರ್ತಿ ಹೋಗೋವರೆಗೂ ಜಾಲಿಸಿ, ಬಿಸಿಲಿಗೆ ಹಾಕಿ ಮೆತ್ತಗಾದ ಮೇಲೆ ಮಡಚಿಕೊಡಿ. ಒಗೆದಿದ್ದು ಅಂತ ಚೀಟಿ ಇಡಿ, ಇಲ್ಲದಿದ್ದರೆ ಪಾಪ ಆ ಅಜ್ಜಿ ಮತ್ತೆ ಒಗೀತಾರೆ.

ಕಳಿಸಿದ ಮೇಲೆ ಎರಡು ನೀಲಿ ಗುರುತು ಬಂದು ಉತ್ತರ ಬರಲಿಲ್ಲ ಅಂತ ಆ ಹುಡುಗ ಚಡಪಡಿಸಿದ. ಸುಮ್ನಿರೋ, ಉತ್ತರ ಬೇಡ ಅಂತ ನೀನೇ ಬರೆದಿದ್ದೀಯ ಅಲ್ವಾ ಅಂದೆ. "ನೋಡಿದ್ರಾ?" ಅಂತ ಮತ್ತೆ ಕೇಳಿದರೆ ಬರೆದದ್ದೆಲ್ಲ ದಂಡ. 'ಬೇಡ' ಅಂತ ಬಂದಿಲ್ಲ ತಾನೇ? ಗುರುವಾರ ಆರಕ್ಕೆ ಡಬ್ಬಿ ಹಿಡ್ಕೊಂಡು ಹೊರಡೋದು, ಬಾಗಿಲಲ್ಲಿಟ್ಟು ಒಂದು ಮೆಸೇಜ್ ಹಾಕಿ ಬರೋದು. ಬೆಲ್ ಮಾತ್ರ ಒತ್ತಬೇಡ, ಮಗು ಎದ್ದುಬಿಡುತ್ತೆ.